ಮಾಲ್ಥಸ್‌ಗೂ ಬೊಸೆರಪ್‌ಗೂ ಒಂದೇ ಪ್ರಶ್ನೆ

“ಮಾಲ್ಥಸ್ ಮತ್ತು ಬೊಸೆರಪ್ ಅವರ ಜನಸಂಖ್ಯಾ ಸಿದ್ಧಾಂತಗಳನ್ನು ಹೋಲಿಸಿ ವಿಮರ್ಶಿಸಿರಿ” ಎಂಬ ಪ್ರಶ್ನೆಗೆ ದಾವಣಗೆರೆಯ ಎಂ.ಎ. ವಿದ್ಯಾರ್ಥಿಗಳು ಬರೆದು ತರುವ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿರುತ್ತವೆ. ಮೊದಲ ಎರಡು ಪುಟಗಳಲ್ಲಿ ಮಾಲ್ಥಸ್ ಇರುತ್ತಾನೆ: 1798ರ ಪ್ರಬಂಧ, ತಡೆಯಿಲ್ಲದಿದ್ದರೆ ಇಪ್ಪತ್ತೈದು ವರ್ಷಕ್ಕೊಮ್ಮೆ ಇಮ್ಮಡಿಯಾಗುವ ಜನಸಂಖ್ಯೆ, ಜನ ಬೆಳೆಯುವ ಗುಣೋತ್ತರ ಶ್ರೇಢಿ, ಆಹಾರ ಬೆಳೆಯುವ ಸಮಾಂತರ ಶ್ರೇಢಿ, ಕ್ಷಾಮ, ರೋಗ, ಯುದ್ಧ. ಮುಂದಿನ ಎರಡು ಪುಟಗಳಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೊಸೆರಪ್ ಬರುತ್ತಾರೆ: 1965ರ ಪುಸ್ತಕ, ಜನ ಹೆಚ್ಚಿದಂತೆ ಬೀಳು ಬಿಡುವ ಅವಧಿ ಕಡಿಮೆಯಾಗುವುದು, ಬೇಸಾಯ ಬಿಗಿಯಾಗುವುದು. ಕಡೆಯಲ್ಲಿ ನಾಲ್ಕು ಸಾಲು: ಇಬ್ಬರಲ್ಲೂ ಗುಣದೋಷಗಳಿವೆ, ಆದರೂ ಇಬ್ಬರ ಕೊಡುಗೆಯೂ ಅಪಾರ. ಬರೆದಿರುವುದರಲ್ಲಿ ತಪ್ಪು ಮಾಹಿತಿ ಬಹುಶಃ ಒಂದೂ ಇರುವುದಿಲ್ಲ, ಆದರೆ ಹೋಲಿಕೆ ಎಂಬ ಕೆಲಸವೂ ಎಲ್ಲಿಯೂ ನಡೆದಿರುವುದಿಲ್ಲ. ಅದನ್ನು ಓದುವವರ ಪಾಲಿಗೆ ಬಿಟ್ಟು ಬರೆದವರು ಎದ್ದು ಹೋಗಿರುತ್ತಾರೆ.

ಇಂಥ ಬರವಣಿಗೆಯಲ್ಲಿ ಇನ್ನೊಂದು ತೊಡಕು ಇದೆ, ಅದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದಾಗಿ ಬಂದ ಸಿದ್ಧಾಂತ ತಾನಾಗಿ ಗೆದ್ದುಬಿಡುತ್ತದೆ. ಮಾಲ್ಥಸ್ ತನ್ನ ಮಾತು ಮುಗಿಸಿ ಕುಳಿತ ಮೇಲೆ ಬೊಸೆರಪ್ ಎದ್ದು “ಹಾಗಲ್ಲ, ಹೀಗೆ” ಎನ್ನುತ್ತಾರೆ, ಅದಕ್ಕೆ ಮಾಲ್ಥಸ್ ಏನು ಉತ್ತರ ಕೊಡಬಹುದಾಗಿತ್ತೆಂದು ಕೇಳುವವರು ಯಾರೂ ಇರುವುದಿಲ್ಲ. ಕಾಲಾನುಕ್ರಮವೇ ತೀರ್ಪಾಗುತ್ತದೆ. ಇದನ್ನು ತಪ್ಪಿಸಲೆಂದು ಕೆಲವರು ಗೈಡುಗಳಲ್ಲಿರುವಂತೆ ಎರಡು ಕಾಲಮ್ಮಿನ ಪಟ್ಟಿ ಹಾಕುತ್ತಾರೆ. ಆ ಪಟ್ಟಿಯಲ್ಲಿ ದೇಶ, ಕಾಲ, ಗ್ರಂಥ, ಆಶಾವಾದಿಯೋ ನಿರಾಶಾವಾದಿಯೋ ಎಂಬ ಸಾಲುಗಳಿರುತ್ತವೆ. ಒಬ್ಬನ ದೇಶ ಇಂಗ್ಲೆಂಡ್, ಇನ್ನೊಬ್ಬರದು ಡೆನ್ಮಾರ್ಕ್ ಎಂದು ತಿಳಿದರೆ ಅದರಿಂದ ಮುಂದಿನ ಮಾತು ಯಾವುದೂ ಹುಟ್ಟುವುದಿಲ್ಲ. ಆಶಾವಾದ, ನಿರಾಶಾವಾದಗಳು ಸಿದ್ಧಾಂತದ ಗುಣಗಳೂ ಅಲ್ಲ, ಓದಿದವರ ಮನಸ್ಸಿನಲ್ಲಿ ಉಳಿದ ರುಚಿ ಅಷ್ಟೆ.

ಹೋಲಿಕೆಗೆ ಬೇಕಾದದ್ದು ಇಬ್ಬರೂ ಉತ್ತರಿಸಲೇಬೇಕಾದ ಕೆಲವೇ ಪ್ರಶ್ನೆಗಳು. ಅವನ್ನು ಆರಿಸುವುದರಲ್ಲಿಯೇ ಕಷ್ಟವೆಲ್ಲ ಇದೆ. “ನೈಸರ್ಗಿಕ ತಡೆಗಳ ಪಾತ್ರ” ಎಂದು ಒಂದು ಶೀರ್ಷಿಕೆ ಕೊಟ್ಟರೆ ಅದು ಮಾಲ್ಥಸ್ ಕಟ್ಟಿದ ಅಂಗಳವಾಯಿತು, ಅಲ್ಲಿ ಬೊಸೆರಪ್ ಅವರಿಗೆ ಹೇಳಲು ಏನೂ ಇರುವುದಿಲ್ಲ ಮತ್ತು ಅವರು ಸೋತಂತೆ ಕಾಣುತ್ತಾರೆ. “ಬೀಳು ಅವಧಿಯ ಮಹತ್ವ” ಎಂದರೆ ಅದೇ ಅನ್ಯಾಯ ಮಾಲ್ಥಸ್‌ಗೆ ಆಗುತ್ತದೆ. ಆದ್ದರಿಂದ ನಾನು ವಿದ್ಯಾರ್ಥಿಗಳಿಗೆ ಒಂದು ಕಟ್ಟಳೆ ಹಾಕುತ್ತೇನೆ: ಪ್ರಶ್ನೆಯಲ್ಲಿ ಇಬ್ಬರ ಪೈಕಿ ಯಾರೊಬ್ಬರ ಪಾರಿಭಾಷಿಕ ಪದವೂ ಇರಕೂಡದು, ಆ ಸಿದ್ಧಾಂತಗಳ ಹೆಸರನ್ನೇ ಕೇಳದ ರೈತನಿಗೂ ಪ್ರಶ್ನೆ ಅರ್ಥವಾಗಬೇಕು. ಈ ಇಬ್ಬರ ಮಟ್ಟಿಗೆ ನನಗೆ ಮೂರು ಪ್ರಶ್ನೆಗಳು ಸಾಕೆನಿಸಿವೆ. ಒಂದು ಸೀಮೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಿದಾಗ ಏನು ಬದಲಾಗುತ್ತದೆ, ಜನವೋ ಬೇಸಾಯವೋ? ಅದೇ ಹೊಲಕ್ಕೆ ಇನ್ನೂ ಒಂದು ತಾಸಿನ ದುಡಿಮೆ ಹಾಕಿದರೆ ಎಷ್ಟು ದಕ್ಕುತ್ತದೆ? ಎಂಥ ಸಂಗತಿ ನಡೆದರೆ ಈ ಸಿದ್ಧಾಂತ ಸುಳ್ಳೆಂದು ಒಪ್ಪಬೇಕಾಗುತ್ತದೆ?

ಮೊದಲನೆಯ ಪ್ರಶ್ನೆಗೆ ಪಾಠಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು. ಮಾಲ್ಥಸ್ ಪ್ರಕಾರ ಆಹಾರವೇ ಮಿತಿ, ಜನಸಂಖ್ಯೆ ಅದಕ್ಕೆ ಹೊಂದಿಕೊಳ್ಳುತ್ತದೆ: ಸಾವು ಹೆಚ್ಚುತ್ತದೆ ಅಥವಾ ಮದುವೆ ತಡವಾಗುತ್ತದೆ. ಬೊಸೆರಪ್ ಪ್ರಕಾರ ಜನಸಂಖ್ಯೆಯೇ ಒತ್ತುವ ಶಕ್ತಿ, ಬೇಸಾಯ ಅದಕ್ಕೆ ಹೊಂದಿಕೊಳ್ಳುತ್ತದೆ. ಕಾಡು ಕಡಿದು ಸುಟ್ಟು ಒಂದೆರಡು ಬೆಳೆ ತೆಗೆದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ನೆಲವನ್ನು ಬಿಟ್ಟುಬಿಡುವ ಪದ್ಧತಿ ಒಂದು ತುದಿ, ನಮ್ಮ ಮಲೆನಾಡಿನ ಹಳೆಯ ಕುಮರಿ ಬೇಸಾಯ ಈ ಬಗೆಯದು. ಜನ ಒತ್ತಿದಂತೆ ಬಿಡುವ ಕಾಲ ಆರರಿಂದ ಹತ್ತು ವರ್ಷಕ್ಕೆ ಇಳಿಯುತ್ತದೆ, ಅಲ್ಲಿಂದ ಒಂದೆರಡು ವರ್ಷಕ್ಕೆ, ಅಲ್ಲಿಂದ ಪ್ರತಿ ವರ್ಷದ ಬೆಳೆಗೆ, ಕೊನೆಗೆ ವರ್ಷಕ್ಕೆ ಎರಡು ಮೂರು ಬೆಳೆಗೆ. ನೇಗಿಲು, ಗೊಬ್ಬರ, ಕಳೆ ಕೀಳುವುದು, ನೀರು ಕಟ್ಟುವುದು ಎಲ್ಲವೂ ಬೀಳು ಬಿಡುವ ಅವಧಿ ಕುಗ್ಗಿದಂತೆ ಹುಲ್ಲು, ಕಳೆಗಳನ್ನು ಹತ್ತಿಕ್ಕಲು, ಮಣ್ಣಿನ ಸಾರವನ್ನು ಉಳಿಸಿಕೊಳ್ಳಲು ಬಂದ ಕೆಲಸಗಳು ಎಂಬುದು ಅವರ ವಾದದ ತಿರುಳು.

ಎರಡೂ ಉತ್ತರಗಳನ್ನು ಒಂದೇ ಪ್ರಶ್ನೆಯ ಕೆಳಗೆ ಇಟ್ಟುಕೊಂಡು ಮಾಲ್ಥಸ್‌ನ 1798ರ ಪ್ರಬಂಧದ ಎರಡನೆಯ ಅಧ್ಯಾಯಕ್ಕೆ ಹಿಂತಿರುಗಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಜನ ಹೆಚ್ಚಿ ಕೂಲಿ ಅಗ್ಗವಾದಾಗ ಬೇಸಾಯಗಾರರು ಹೆಚ್ಚು ಆಳುಗಳನ್ನು ಹಾಕುತ್ತಾರೆ, ಹೊಸ ನೆಲ ಒಡೆಯುತ್ತಾರೆ, ಇರುವ ನೆಲಕ್ಕೆ ಗೊಬ್ಬರ ಹಾಕಿ ಹದ ಮಾಡುತ್ತಾರೆ ಎಂದು ಅವನೇ ಬರೆದಿದ್ದಾನೆ. ಅಂದರೆ ಬೊಸೆರಪ್ ಹೇಳುವ ಚಲನೆ ಅವನಲ್ಲೂ ಇದೆ. ಅವನ ಪ್ರಕಾರ ಅದರಿಂದ ಆಹಾರ ಹೆಚ್ಚಿ, ಬದುಕು ತುಸು ಸಡಿಲವಾಗಿ, ಜನ ಮತ್ತೆ ಹೆಚ್ಚಿ, ಮೊದಲಿನ ಸಂಕಟಕ್ಕೇ ಮರಳುತ್ತಾರೆ. ಅದು ತೂಗುಯ್ಯಾಲೆಯ ಹಾಗೆ ಹೋಗಿ ಬರುವ ಚಲನೆ. ಬೊಸೆರಪ್ ಅವರಲ್ಲಿ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋದ ಸಮಾಜ ಹೊಸ ಉಪಕರಣ, ಹೊಸ ಭೂ ಹಕ್ಕು, ಹೊಸ ದುಡಿಮೆಯ ಶಿಸ್ತನ್ನು ಕಟ್ಟಿಕೊಂಡು ಅಲ್ಲಿಯೇ ನೆಲೆ ನಿಲ್ಲುತ್ತದೆ. ಹಾಗಾದರೆ ನಿಜವಾದ ಭೇದ “ಜನ ಮೊದಲೋ ಆಹಾರ ಮೊದಲೋ” ಎಂಬಲ್ಲಿಗಿಂತ “ಬೇಸಾಯದ ಬದಲಾವಣೆ ತಾತ್ಕಾಲಿಕವೋ ಶಾಶ್ವತವೋ” ಎಂಬಲ್ಲಿದೆ. ಎರಡೆರಡು ಪುಟದ ಪ್ರತ್ಯೇಕ ವಿವರಣೆಯಲ್ಲಿ ಈ ಸಾಲು ಬರಲು ದಾರಿಯೇ ಇಲ್ಲ, ಏಕೆಂದರೆ ಮಾಲ್ಥಸ್ ಕುರಿತ ಪುಟಗಳನ್ನು ಬರೆಯುವಾಗ ಬೊಸೆರಪ್ ಅವರ ಪ್ರಶ್ನೆ ಇನ್ನೂ ಮೇಜಿನ ಮೇಲೆ ಬಂದಿರುವುದಿಲ್ಲ.

ಎರಡನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೈಬಿಡುತ್ತಾರೆ. ಅಲ್ಲಿ ವ್ಯತ್ಯಾಸ ಸಿಗುವುದಿಲ್ಲ, ವ್ಯತ್ಯಾಸವಿಲ್ಲದ ಕಡೆ ಅಂಕವೂ ಇಲ್ಲವೆಂಬ ನಂಬಿಕೆ ಅವರದು. ನನಗೆ ಇದೇ ಅತ್ಯಂತ ಫಲವತ್ತಾದ ಪ್ರಶ್ನೆಯಾಗಿ ಕಾಣುತ್ತದೆ. ಚಳ್ಳಕೆರೆ ಕಡೆಯ ಕೆಂಪು ಮಸಾರಿ ಹೊಲವೊಂದನ್ನು ತೆಗೆದುಕೊಳ್ಳಿ. ಬೀಳು ಬಿಡಲು ಜಾಗವಿದ್ದಷ್ಟು ಕಾಲ ನೆಲ ತಾನೇ ಚೇತರಿಸಿಕೊಳ್ಳುತ್ತಿತ್ತು, ಅದಕ್ಕೆ ಯಾರೂ ದುಡಿಯಬೇಕಾಗಿರಲಿಲ್ಲ. ಬೀಳು ನಿಂತ ಮೇಲೆ ತಿಪ್ಪೆಯ ಗೊಬ್ಬರ ಹೇರಬೇಕು, ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಗಾಡಿಯಲ್ಲಿ ತಂದು ಹರಡಬೇಕು, ಕುರಿಯವರಿಗೆ ಕಾಳೋ ಕಾಸೋ ಕೊಟ್ಟು ರಾತ್ರಿ ಹೊಲದಲ್ಲಿ ಮಂದೆ ತರುಬಿಸಬೇಕು, ಬೆಳೆ ಎದ್ದ ಮೇಲೆ ಎಡೆಕುಂಟೆ ಹೊಡೆದು ಕಳೆ ಕೀಳಬೇಕು. ಎಕರೆಗೆ ಸಿಗುವ ಕಾಳು ಹೆಚ್ಚುತ್ತದೆ. ಆದರೆ ಆ ಕಾಳನ್ನು ಅದಕ್ಕೆ ಹಾಕಿದ ತಾಸುಗಳಿಂದ ಭಾಗಿಸಿದರೆ ತಾಸಿಗೆ ದಕ್ಕುವುದು ಹಿಂದಿಗಿಂತ ಕಡಿಮೆ.

ಇದನ್ನು ಯಾರು ಹೇಳಿದ್ದು, ಮಾಲ್ಥಸೋ ಬೊಸೆರಪ್ಪೋ? ಇಬ್ಬರೂ ಹೇಳಿದ್ದಾರೆ. ಇಳಿಮುಖ ಪ್ರತಿಫಲದ ನಿಯಮವನ್ನು 1815ರ ಹೊತ್ತಿಗೆ ಸ್ಪಷ್ಟವಾಗಿ ಬರೆದವರಲ್ಲಿ ರಿಕಾರ್ಡೊ ಜೊತೆಗೆ ಮಾಲ್ಥಸ್ ಕೂಡ ಒಬ್ಬ. ಬೊಸೆರಪ್ ಅವರ ವಾದವಂತೂ ಇದರ ಮೇಲೆಯೇ ನಿಂತಿದೆ: ತಾಸಿನ ಪ್ರತಿಫಲ ಇಳಿಯುವುದರಿಂದಲೇ ಜನ ತಮಗೆ ಗೊತ್ತಿರುವ ಬಿಗಿ ಬೇಸಾಯವನ್ನು ಒತ್ತಡವಿಲ್ಲದೆ ಕೈಗೆತ್ತಿಕೊಳ್ಳುವುದಿಲ್ಲ, ಒತ್ತಡ ಬಂದಾಗಷ್ಟೇ ಕೈಗೆತ್ತಿಕೊಳ್ಳುತ್ತಾರೆ. ಹೀಗೆ ನೋಡಿದಾಗ ಜಗಳದ ಜಾಗ ಬಹಳ ಚಿಕ್ಕದಾಗುತ್ತದೆ. ಎಕರೆಯ ಇಳುವರಿ ಏರುತ್ತದೆ ಎಂಬುದರಲ್ಲಿ ಒಪ್ಪಿಗೆ, ತಾಸಿನ ಇಳುವರಿ ಇಳಿಯುತ್ತದೆ ಎಂಬುದರಲ್ಲೂ ಒಪ್ಪಿಗೆ. ಉಳಿದದ್ದು ಒಂದೇ: ಇಳಿದ ಆ ಪ್ರತಿಫಲವನ್ನು ಸರಿದೂಗಿಸುವಷ್ಟು ತಾಸುಗಳು ಜನರ ಕೈಯಲ್ಲಿ ಇನ್ನೂ ಇವೆಯೇ? ಬೀಳು ಪದ್ಧತಿಯವರು ವರ್ಷದಲ್ಲಿ ಕಡಿಮೆ ಕಾಲ ದುಡಿಯುತ್ತಾರೆ, ಆದ್ದರಿಂದ ಇವೆ ಎಂಬುದು ಬೊಸೆರಪ್ ಅವರ ಊಹೆ. ಎಂದೋ ಒಂದು ದಿನ ಆ ತಾಸುಗಳೂ ಮುಗಿಯುತ್ತವೆ ಎಂಬುದು ಮಾಲ್ಥಸ್ ಪರವಾಗಿ ಹೇಳಬಹುದಾದ ಮಾತು. ಒಪ್ಪಿಗೆಯನ್ನು ಬರೆಯದೆ ಬಿಟ್ಟ ಪ್ರಬಂಧಕ್ಕೆ ಜಗಳ ಎಲ್ಲಿದೆಯೆಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ.

ಮೂರನೆಯ ಪ್ರಶ್ನೆಗೆ ಬರುವಾಗ ಉದಾಹರಣೆಗಳ ವಿಷಯದಲ್ಲಿ ಎಚ್ಚರ ಬೇಕು. ಪ್ರತ್ಯೇಕ ವಿವರಣೆಯ ಪ್ರಬಂಧಗಳಲ್ಲಿ ಪ್ರತಿ ಸಿದ್ಧಾಂತಕ್ಕೂ ಅದರದೇ ಉದಾಹರಣೆ ಇರುತ್ತದೆ. ಮಾಲ್ಥಸ್‌ಗೆ ಒಂದು ಕ್ಷಾಮ, ಬೊಸೆರಪ್‌ಗೆ ಹಸಿರು ಕ್ರಾಂತಿ. ಇಬ್ಬರೂ ತಮ್ಮ ತಮ್ಮ ಸಾಕ್ಷಿಯನ್ನು ಕರೆತಂದು ನಿಲ್ಲಿಸಿದಾಗ ಇಬ್ಬರೂ ಗೆಲ್ಲುತ್ತಾರೆ. ಹೋಲಿಕೆಯಲ್ಲಿ ಒಂದೇ ಸಾಕ್ಷಿಯನ್ನು ಇಬ್ಬರೂ ಪ್ರಶ್ನಿಸಬೇಕು.

ನಮ್ಮ ಸೀಮೆಯಲ್ಲಿಯೇ ಅಂಥ ಸಾಕ್ಷಿ ಇದೆ. 1876ರಿಂದ 78ರವರೆಗಿನ ಬರ, ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆನ್ನುತ್ತಿದ್ದದ್ದು, ಆಗಿನ ಚಿತ್ರದುರ್ಗ ಸೇರಿ ಮೈಸೂರು ಸಂಸ್ಥಾನವನ್ನು ಜರ್ಜರಿತಗೊಳಿಸಿತು. ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿತ್ತು, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಾಲ್ಥಸ್‌ಗೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕೇ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಆದರೆ ಅವನ ಸಿದ್ಧಾಂತ ಕೇಳುವುದು ಜನ ಸತ್ತರು ಎಂಬುದನ್ನಷ್ಟೇ ಅಲ್ಲ, ಜನ ಹೆಚ್ಚಾದ್ದರಿಂದ ಸತ್ತರು ಎಂಬುದನ್ನು. ಇಲ್ಲಿ ಮಳೆ ಕೈಕೊಟ್ಟಿತ್ತು, ಅದು ಜನ ಕಡಿಮೆಯಿದ್ದಿದ್ದರೂ ಕೈಕೊಡುತ್ತಿತ್ತು. ಒತ್ತಡ ಮೊದಲೇ ಇದ್ದುದರಿಂದ ಮಳೆಯ ಪೆಟ್ಟು ಜೋರಾಯಿತು ಎಂದು ವಾದಿಸಬಹುದು, ಆದರೆ ಆಗ ಹಿಂದಿನ ದಶಕಗಳಲ್ಲಿ ತಲೆಗೆ ದಕ್ಕುವ ಕಾಳು ಇಳಿಯುತ್ತ ಬಂದಿತ್ತೆಂದು ತೋರಿಸಬೇಕು. ಇನ್ನು ಬೊಸೆರಪ್ ಅವರಿಗೆ ಈ ಬರ ಸೋಲೇ? ಅವರ ಸಿದ್ಧಾಂತದ ಗಡಿಯಾರ ತಲೆಮಾರುಗಳ ಲೆಕ್ಕದಲ್ಲಿ ನಡೆಯುತ್ತದೆ, ಎರಡು ವರ್ಷದ ಮಳೆಗಾಲಗಳಲ್ಲಿ ಯಾವ ಸಮಾಜವೂ ಬೀಳು ಪದ್ಧತಿಯಿಂದ ನೀರಾವರಿಗೆ ಜಿಗಿಯುವುದಿಲ್ಲ. ಆದ್ದರಿಂದ ಈ ಬರ ಇಬ್ಬರಲ್ಲಿ ಯಾರನ್ನೂ ಸೋಲಿಸುವುದಿಲ್ಲ, ಆದರೆ ಇಬ್ಬರೂ ಎಷ್ಟು ಕಾಲದ ಅಳತೆಯಲ್ಲಿ ಮಾತನಾಡುತ್ತಿದ್ದಾರೆ ಎಂಬುದನ್ನು ಹೊರಗೆಳೆಯುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯಾಗಿ ಇಲ್ಲಿನ ವಿದ್ಯಾರ್ಥಿಗಳು ತಪ್ಪದೆ ತರುವುದು ದಾವಣಗೆರೆ, ಹರಿಹರದ ಭತ್ತದ ಗದ್ದೆಗಳನ್ನು. 1997ರವರೆಗೆ ಚಿತ್ರದುರ್ಗವೆಂಬ ಒಂದೇ ಜಿಲ್ಲೆಯಾಗಿದ್ದ ಈ ಸೀಮೆಯಲ್ಲಿ ದಾವಣಗೆರೆ ಕಡೆ ವರ್ಷಕ್ಕೆ ಎರಡು ಬೆಳೆ ಭತ್ತ, ಚಳ್ಳಕೆರೆ ಕಡೆ ಮಳೆ ನಂಬಿದ ಶೇಂಗಾ. ಜನ ಒತ್ತಿದರು, ಬೇಸಾಯ ಬಿಗಿಯಾಯಿತು, ಆದ್ದರಿಂದ ಬೊಸೆರಪ್ ಗೆದ್ದರು ಎಂದು ಬರೆಯುತ್ತಾರೆ. ಕಳೆದ ಸಲ ಹೀಗೆ ಚರ್ಚೆ ನಡೆದಾಗ ಚಳ್ಳಕೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ತಡೆದಳು: “ಮೇಡಂ, ನಮ್ಮ ಕಡೆನೂ ಜನ ಹೆಚ್ಚೇ ಆದ್ರು. ನೀರಿದ್ರೆ ತಾನೇ ಎರಡನೇ ಬೆಳೆ? ಇಲ್ದಿದ್ರೆ ಗುಳೆ ಹೋಗೋದೇ.” ಅವಳು ಪ್ರಶ್ನೆಯ ನರವನ್ನೇ ಮುಟ್ಟಿದ್ದಳು. ದಾವಣಗೆರೆಯ ಎರಡನೆಯ ಬೆಳೆ ಬಂದದ್ದು ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನಾಲೆಯಿಂದ. ಸ್ವಾತಂತ್ರ್ಯದ ಕಾಲಕ್ಕೆ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಆ ಕೆಲಸಕ್ಕೆ ಹಣ, ಎಂಜಿನಿಯರಿಂಗ್ ಎರಡೂ ಸರ್ಕಾರದಿಂದ ಬಂದವು, ಊರಿನ ಜನ ತಾಸು ಹೆಚ್ಚಿಸಿ ದುಡಿದದ್ದರಿಂದ ಬಂದವಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಥೆಯೂ ಅದೇ. ಹಸಿರು ಕ್ರಾಂತಿಯ ರಾಸಾಯನಿಕ ಗೊಬ್ಬರ ಕೂಡ ಕಾರ್ಖಾನೆಯಿಂದ ಬಂದದ್ದು, ಬೊಸೆರಪ್ ತಮ್ಮ 1965ರ ವಾದವನ್ನು ಕಟ್ಟಿದ್ದು ಮುಖ್ಯವಾಗಿ ಕೈದುಡಿಮೆಯಿಂದ ನಡೆಯುವ, ಕಾರ್ಖಾನೆಯ ಸಾಮಗ್ರಿ ತಲುಪದ ಬೇಸಾಯದ ಸುತ್ತ. ಗೈಡುಗಳು ಅವರಿಗೆ ಕೊಡುವ ಈ ಗೆಲುವು ಅವರೇ ಕೇಳದ ಗೆಲುವು.

ಬೊಸೆರಪ್ ಪರ ನಿಜವಾದ ಪುರಾವೆ ಹೇಗಿರಬೇಕು ಎಂಬುದು ಈಗ ತಿಳಿಯಾಗುತ್ತದೆ. ಹೊರಗಿನ ಬಂಡವಾಳ ಬಾರದೆ, ಜನ ಒತ್ತಿದ ಕೆಲವು ತಲೆಮಾರುಗಳಲ್ಲಿ ಬೀಳು ಕುಗ್ಗಿ, ಗೊಬ್ಬರ, ಕಳೆ, ಬದುಗಳ ದುಡಿಮೆ ಹೆಚ್ಚಿ, ತಲೆಗೆ ದಕ್ಕುವ ಆಹಾರ ಕುಸಿಯದೆ ಉಳಿದಿರಬೇಕು. ಅದೇ ಪರಿಸ್ಥಿತಿಯಲ್ಲಿ ಆಹಾರ ಕುಸಿದು ಮಣ್ಣು ಬರಿದಾಗಿ ಸಾವೋ ಗುಳೆಯೋ ಹೆಚ್ಚಿದ್ದರೆ ಅದು ಮಾಲ್ಥಸ್ ಪರ. ಹಾಗೆ ಮಣ್ಣು ಬರಿದಾಗುವ ಸಾಧ್ಯತೆಯನ್ನು ಬೊಸೆರಪ್ ಕೂಡ ಅಲ್ಲಗಳೆಯಲಿಲ್ಲ. ಗುಳೆಯ ಮಾತು ಮಾತ್ರ ಇನ್ನಷ್ಟು ಯೋಚಿಸಬೇಕಾದದ್ದು, ಏಕೆಂದರೆ ಹೊರಗೆ ಹೋಗಲು ದಾರಿಯಿರುವ ಸೀಮೆಯಲ್ಲಿ ಒತ್ತಡ ಹೊಲಕ್ಕೂ ಬೀಳುವುದಿಲ್ಲ, ಹೊಟ್ಟೆಗೂ ಪೂರ್ತಿ ಬೀಳುವುದಿಲ್ಲ. ಎರಡೂ ಸಿದ್ಧಾಂತಗಳು ಬಾಗಿಲು ಮುಚ್ಚಿದ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡಾಗಲೇ ಚೆನ್ನಾಗಿ ನಡೆಯುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ಕಾಗದದ ಮೇಲೆ ಬರೆಯುವಾಗ ಹಳೆಯ ರೂಢಿ ಹಿಂಬಾಗಿಲಿನಿಂದ ಬರುತ್ತದೆ. ಶೀರ್ಷಿಕೆಯಲ್ಲಿ ಪ್ರಶ್ನೆ ಇರುತ್ತದೆ, ಕೆಳಗಿನ ಪ್ಯಾರಾದಲ್ಲಿ ಮಾತ್ರ “ಮಾಲ್ಥಸ್ ಹೀಗೆ ಹೇಳುತ್ತಾನೆ. ಬೊಸೆರಪ್ ಹೀಗೆ ಹೇಳುತ್ತಾರೆ” ಎಂದು ಎರಡು ವಾಕ್ಯಗಳು ಒಂದನ್ನೊಂದು ಮುಟ್ಟದೆ ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಇದನ್ನು ಕಂಡುಹಿಡಿಯಲು ನಾನು ಮಾಡುವ ಪರೀಕ್ಷೆ ಸರಳ. ಪ್ಯಾರಾದಿಂದ ಬೊಸೆರಪ್ ಅವರ ವಾಕ್ಯಗಳನ್ನು ಪೆನ್ಸಿಲ್‌ನಿಂದ ಹೊಡೆದುಹಾಕುತ್ತೇನೆ. ಮಾಲ್ಥಸ್ ಕುರಿತ ವಾಕ್ಯಗಳು ಒಂದಕ್ಷರವೂ ಅಲುಗದೆ ಹಾಗೆಯೇ ನಿಂತರೆ ಅಲ್ಲಿ ಹೋಲಿಕೆ ಇರಲಿಲ್ಲ. ನಿಜವಾದ ಹೋಲಿಕೆಯ ಪ್ಯಾರಾದಿಂದ ಒಬ್ಬರನ್ನು ತೆಗೆದರೆ ಉಳಿದ ವಾಕ್ಯಗಳು ಅರ್ಧಕ್ಕೆ ನಿಲ್ಲಬೇಕು.

ತಾಸಿನ ಪ್ರತಿಫಲದ ಪ್ರಶ್ನೆಯನ್ನು ಆ ವಿದ್ಯಾರ್ಥಿನಿ ಎರಡನೆಯ ಸಲ ಬರೆದು ತಂದದ್ದು ಹೆಚ್ಚುಕಡಿಮೆ ಹೀಗಿತ್ತು: “ಒಂದೇ ನೆಲಕ್ಕೆ ಹೆಚ್ಚು ದುಡಿಮೆ ಹಾಕಿದಾಗ ತಾಸಿನ ಪ್ರತಿಫಲ ಇಳಿಯುತ್ತದೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಮಾಲ್ಥಸ್ ಈ ಇಳಿಕೆಯನ್ನು ಹಸಿವಿನ ಕಡೆಗೆ ಒಯ್ಯುವ ಕಾರಣವೆಂದು ಓದಿದರೆ, ಬೊಸೆರಪ್ ಅದನ್ನೇ ಜನ ಬಿಗಿ ಬೇಸಾಯವನ್ನು ಮುಂದೂಡುತ್ತ ಬಂದುದಕ್ಕೆ ಕಾರಣವೆಂದು ಓದುತ್ತಾರೆ. ಆದ್ದರಿಂದ ಇಬ್ಬರಲ್ಲಿ ಯಾರು ಸರಿಯೆಂಬುದು ಆ ಸೀಮೆಯಲ್ಲಿ ದುಡಿಯದೆ ಉಳಿದ ಕಾಲ ಎಷ್ಟಿತ್ತು ಮತ್ತು ಆ ಕಾಲವನ್ನು ಫಲಕ್ಕೆ ತಿರುಗಿಸಲು ನೀರು ಇತ್ತೇ ಎಂಬುದರ ಮೇಲೆ ನಿಂತಿದೆ.” ಮೂರೇ ವಾಕ್ಯಗಳು, ಆದರೆ ಯಾವುದರಿಂದಲೂ ಇಬ್ಬರಲ್ಲಿ ಒಬ್ಬರನ್ನು ಸುಲಭವಾಗಿ ಕಿತ್ತುಹಾಕಲಾಗದು. ತೀರ್ಪು ಕೂಡ ಷರತ್ತಿನ ಸಮೇತ ಬಂದಿದೆ: ಮಳೆ ಕಡಿಮೆಯಿರುವ, ನೀರಿಲ್ಲದ ಮಸಾರಿಯಲ್ಲಿ ಬೊಸೆರಪ್ ಅವರ ದಾರಿ ಬೇಗ ಮುಚ್ಚಿಕೊಳ್ಳುತ್ತದೆ, ಮಳೆ ಚೆನ್ನಾಗಿರುವ, ಇನ್ನೂ ಬೀಳು ಇರುವ ಕಡೆ ಅದು ಬಹಳ ದೂರ ಸಾಗುತ್ತದೆ.

ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಭಯವಿದೆ. ಓದಿದ್ದನ್ನೆಲ್ಲ ಬರೆಯದಿದ್ದರೆ ಮೌಲ್ಯಮಾಪಕರಿಗೆ ತಮ್ಮ ತಿಳಿವಳಿಕೆ ಕಾಣುವುದು ಹೇಗೆ? ಶ್ರೇಢಿಗಳ ಕೋಷ್ಟಕವನ್ನು ಬಿಡಲು ಅವರಿಗೆ ಹೊಟ್ಟೆ ಉರಿಯುತ್ತದೆ. ಆರಂಭದಲ್ಲಿ ತಲಾ ಮೂರು ನಾಲ್ಕು ವಾಕ್ಯಗಳ ಪರಿಚಯಕ್ಕೆ ಅಡ್ಡಿಯಿಲ್ಲ, ಅದಿಲ್ಲದೆ ಪ್ರಶ್ನೆಗಳು ಗಾಳಿಯಲ್ಲಿ ತೇಲುತ್ತವೆ. ಶ್ರೇಢಿಗಳು ಬೇಕಾದರೆ ಮೊದಲ ಪ್ರಶ್ನೆಯೊಳಗೆ ಒಂದು ವಾಕ್ಯವಾಗಿ ಬರಲಿ. ಹಾಗೆಯೇ ಮೂರು ಪ್ರಶ್ನೆಗಳಿಗೂ ಸಮನಾದ ಜಾಗ ಕೊಡಬೇಕಾಗಿಲ್ಲ, ಭೇದ ಹೆಚ್ಚು ಬಿಡಿಸಿಕೊಂಡ ಕಡೆ ಎರಡು ಪುಟವಾದರೂ ಆಗಲಿ, ಬೇಗ ಮುಗಿದ ಕಡೆ ಅರ್ಧ ಪುಟ ಸಾಕು.

ಕೆಲವು ಪ್ರಶ್ನೆಗಳಿಗೆ ಒಬ್ಬರು ಮಾತ್ರ ಉತ್ತರ ಕೊಡುತ್ತಾರೆ, ಅವನ್ನು ಏನು ಮಾಡುವುದೆಂದು ಆ ವಿದ್ಯಾರ್ಥಿನಿಯೇ ಕೇಳಿದಳು. ಜನಸಂಖ್ಯೆ ಏಕೆ ಹೆಚ್ಚುತ್ತದೆ ಎಂಬುದು ಅಂಥದೊಂದು. ಮಾಲ್ಥಸ್‌ಗೆ ಅದಕ್ಕೆ ಉತ್ತರವಿದೆ, 1803ರ ಆವೃತ್ತಿಯಲ್ಲಿ ಮದುವೆಯನ್ನು ಮುಂದೂಡುವ ನೈತಿಕ ಸಂಯಮವನ್ನು ಸೇರಿಸಿ ಅದನ್ನು ಇನ್ನೂ ಬೆಳೆಸಿದ. ಬೊಸೆರಪ್ 1965ರ ವಾದದಲ್ಲಿ ಜನರ ಹೆಚ್ಚಳವನ್ನು ಹೊರಗಿನಿಂದ ಬಂದ ಸಂಗತಿಯೆಂದು ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಇಂಥ ಪ್ರಶ್ನೆಯನ್ನು ಸಮಾನ ಮಾನದಂಡಗಳ ನಡುವೆ ಸೇರಿಸಬೇಡ, ಸೇರಿಸಿದರೆ ತಕ್ಕಡಿ ವಾಲುತ್ತದೆ ಎಂದು ಹೇಳಿದೆ. ಆದರೆ ಪೂರ್ತಿ ಬಿಡಲೂ ಬೇಡ. ಬೇಸಾಯ ಬಿಗಿಯಾಗಿ ಹೊಲದಲ್ಲಿ ಕೈಗಳು ಹೆಚ್ಚು ಬೇಕಾದಾಗ ಮಕ್ಕಳು ಹೆಚ್ಚು ಹುಟ್ಟುವುದಾದರೆ, ಬೊಸೆರಪ್ ಹೊರಗಿಟ್ಟ ಸಂಗತಿ ಒಳಗೇ ಇತ್ತೆಂದಾಗುತ್ತದೆ, ಮತ್ತು ಮಾಲ್ಥಸ್‌ನ ತೂಗಾಟ ಅವರ ಮೆಟ್ಟಿಲುಗಳ ಮೇಲೆಯೇ ಮತ್ತೆ ಶುರುವಾಗುತ್ತದೆ. ಅದನ್ನು ಮೂರೂ ಪ್ರಶ್ನೆಗಳು ಮುಗಿದ ಮೇಲೆ, ತೀರ್ಪಿಗೆ ಮುಂಚೆ, ಪ್ರತ್ಯೇಕ ಪ್ಯಾರಾದಲ್ಲಿ ಬರೆ ಎಂದೆ. ಅವಳು ಅದನ್ನು ಬರೆಯಲು ಹಾಳೆಯಲ್ಲಿ ಜಾಗ ಬಿಟ್ಟು, ಚಿತ್ರದುರ್ಗದ ಹಳೆಯ ಗಣತಿ ವರದಿಗಳಲ್ಲಿ ಹೋಬಳಿವಾರು ಬೀಳು ನೆಲದ ಲೆಕ್ಕ ಸಿಗಬಹುದೇ ಎಂದು ಕೇಳುತ್ತ ಗ್ರಂಥಾಲಯದ ಕಡೆ ಹೋದಳು. ಬೀಳಿನ ಲೆಕ್ಕ ಹುಡುಕಬೇಕಾದದ್ದು ಗಣತಿಯಲ್ಲಲ್ಲ, ಕಂದಾಯದ ಕಾಗದಗಳಲ್ಲಿ ಎಂದು ಹಿಂದಿನಿಂದ ಕೂಗಿ ಹೇಳಿದೆ.